ಮೊದಲು ಪಾಲಿಸಿ ತಗೊಳ್ಳಿ, ಆಮೇಲೆ ಟೆಸ್ಟ್ ಮಾಡಿಸೋಣ

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಗೆಳತಿಯ ಫೋನು. "ಲೋ, ಟರ್ಮ್ ಇನ್ಶೂರೆನ್ಸ್ ಫಾರ್ಮ್ ತುಂಬ್ತಾ ಕೂತಿದೀನಿ. ಒಂದು ಪ್ರಶ್ನೆಗೆ ಏನು ಬರೀಬೇಕು ಗೊತ್ತಾಗ್ತಿಲ್ಲ ಕಣೋ" ಅಂದಳು. ಪ್ರಶ್ನೆ ಇಷ್ಟೇ: ಕಳೆದ ಐದು ವರ್ಷಗಳಲ್ಲಿ ನೀವು ಯಾವುದಾದರೂ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಂಡಿದ್ದೀರಾ, ಅಥವಾ ಮಾಡಿಸಿಕೊಳ್ಳುವಂತೆ ನಿಮಗೆ ಸಲಹೆ ನೀಡಲಾಗಿದೆಯೇ? ಹೌದು, ಇಲ್ಲ.

ಈ ಎರಡು ಪದಗಳ ನಡುವೆ ಅವಳು ಸಿಕ್ಕಿಕೊಂಡಿದ್ದಕ್ಕೆ ಕಾರಣ ಅವಳ ಅಣ್ಣ. ಮೂವತ್ತೆಂಟರ ಮನುಷ್ಯ, ಭಾನುವಾರದ ಕ್ರಿಕೆಟ್ಟಿನಲ್ಲಿ ಎರಡು ರನ್ ಓಡಿ ಪಿಚ್ ಮೇಲೇ ಕುಸಿದುಬಿದ್ದ. ಬದುಕಿಕೊಂಡ. ಎಕೋ ಮಾಡಿದಾಗ ಹೃದಯದ ಎಡ ಕೋಣೆಯ ಗೋಡೆ ಹತ್ತೊಂಬತ್ತು ಮಿಲಿಮೀಟರ್ ದಪ್ಪ ಇತ್ತು. ನಮ್ಮ ನಿಮ್ಮದು ಹತ್ತು, ಹನ್ನೊಂದು ಇರುತ್ತದೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಅಂದರೆ ಬಿಪಿಯಂಥ ಬೇರೆ ಕಾರಣವಿಲ್ಲದೆ ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ. ಆಟದ ಮೈದಾನದಲ್ಲಿ ಹುಡುಗರು ಇದ್ದಕ್ಕಿದ್ದಂತೆ ಸತ್ತರು ಅಂತ ಓದುತ್ತೇವಲ್ಲ, ಅಂಥ ಸಾವುಗಳ ಹಿಂದೆ ಎಷ್ಟೋ ಸಲ ಇರುವುದು ಇದೇ. ರಕ್ತ ತೆಗೆದು ಜೀನ್ ಟೆಸ್ಟ್ ಮಾಡಿದರು. ತಪ್ಪು ಸಿಕ್ಕಿತು. ಅಣ್ಣನಲ್ಲಿ ಅದು ಇದೆ ಅಂದರೆ ತಂಗಿಯಲ್ಲೂ ಇರುವ ಸಂಭವ ಐವತ್ತಕ್ಕೆ ಐವತ್ತು.

ಗೆಳತಿ ಎಕೋ ಮಾಡಿಸಿಕೊಂಡಳು, ನಾರ್ಮಲ್ ಬಂತು. ಆದರೆ ಈ ಕಾಯಿಲೆಯಲ್ಲಿ ಇವತ್ತಿನ ನಾರ್ಮಲ್ ನಾಳೆಯ ಗ್ಯಾರಂಟಿ ಅಲ್ಲ. ಗೋಡೆ ನಲವತ್ತರಲ್ಲೋ ಐವತ್ತರಲ್ಲೋ ದಪ್ಪವಾಗಲು ಶುರುವಾಗಬಹುದು. ಜೀನ್ ಟೆಸ್ಟಿನಲ್ಲಿ ಅಣ್ಣನ ತಪ್ಪು ಇವಳಲ್ಲಿ ಇಲ್ಲ ಅಂತ ಬಂದರೆ ಆ ಚಿಂತೆ ಅಲ್ಲಿಗೇ ಮುಗೀತು. ಇದೆ ಅಂತ ಬಂದರೆ ನಿಯಮಿತವಾಗಿ ಎಕೋ, ಇಸಿಜಿ, ಅಗತ್ಯ ಬಿದ್ದರೆ ಮಾತ್ರೆ, ತೀರಾ ಅಪಾಯ ಕಂಡರೆ ಎದೆಯೊಳಗೆ ಶಾಕ್ ಕೊಡುವ ಸಣ್ಣ ಯಂತ್ರ. ಎರಡೂ ಕಡೆ ಲಾಭವಿರುವ ಟೆಸ್ಟ್ ಇದು. ಹಾಗಿದ್ದರೂ ಕೌನ್ಸೆಲಿಂಗ್ ಮಾಡಿದ ಡಾಕ್ಟರಮ್ಮ ಎಲ್ಲ ವಿವರಿಸಿ, ಪೆನ್ನು ಮುಚ್ಚಿಟ್ಟು, ಕೊನೆಗೆ ಹೇಳಿದ್ದು: "ಟರ್ಮ್ ಪಾಲಿಸಿ ಇದ್ಯಾ? ಇಲ್ವಾ? ಮೊದಲು ಅದನ್ನ ತಗೊಂಡ್ಬಿಡಿ. ಆಮೇಲೆ ಬನ್ನಿ, ಟೆಸ್ಟ್ ಮಾಡಿಸೋಣ."

ಡಾಕ್ಟರಮ್ಮನ ಮೇಲೆ ನನಗೆ ಸಿಟ್ಟಿಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಹೋಮ್ ಲೋನ್ ತಲೆ ಮೇಲಿರುವ ಮೂವತ್ತೊಂದರ ಹುಡುಗಿಗೆ ಹಿತೈಷಿಗಳು ಇನ್ನೇನು ಹೇಳುತ್ತಾರೆ? ಆದರೆ ಈ ಹಿತವಚನವನ್ನು ಸ್ವಲ್ಪ ಬಿಡಿಸಿ ನೋಡಿ. ಜೀವ ಉಳಿಸಬಹುದಾದ ಟೆಸ್ಟನ್ನು ಮುಂದೂಡು ಅಂತ ವೈದ್ಯರೇ ಹೇಳಬೇಕಾಗಿದೆ. ಇನ್ಶೂರೆನ್ಸ್ ಕಂಪನಿ ಯಾವುದಕ್ಕೆ ಹೆದರುತ್ತದೋ, ಅಂದರೆ ಗೊತ್ತಿದ್ದೂ ಹೇಳದೆ ಪಾಲಿಸಿ ಕೊಳ್ಳುವವರಿಗೆ, ಆ ಕೆಲಸವನ್ನು ಸಭ್ಯರಿಂದ ಮಾಡಿಸುತ್ತಿರುವುದೂ ಇದೇ ಭಯ.

ಕೋರ್ಟುಗಳು ಇದನ್ನು ನೋಡಿಲ್ಲ ಅಂತಲ್ಲ. ಕಾಕತಾಳೀಯವೋ ಏನೋ, ನಮ್ಮ ದೇಶದ ಮುಖ್ಯ ತೀರ್ಪು ಬಂದಿರುವುದು ಇದೇ ಕಾಯಿಲೆಯ ಮೇಲೆ. ಹೃದಯದ ಗೋಡೆ ದಪ್ಪವಾದ ಒಬ್ಬ ಪಾಲಿಸಿದಾರರು ಆಸ್ಪತ್ರೆ ಖರ್ಚಿಗೆ ಕ್ಲೇಮ್ ಹಾಕಿದರು. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿ, ಇದು ಆನುವಂಶಿಕ ಕಾಯಿಲೆ, ಪಾಲಿಸಿಯಲ್ಲಿ ಹೊರಗಿಟ್ಟಿದ್ದೇವೆ ಅಂತ ತಳ್ಳಿಹಾಕಿತು. 2018ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು, 'ಆನುವಂಶಿಕ ಕಾಯಿಲೆಗಳು' ಅಂತ ಒಂದೇ ಸಾಲಿನಲ್ಲಿ ಎಲ್ಲವನ್ನೂ ಹೊರಗಿಡುವುದು ತೀರಾ ಅಸ್ಪಷ್ಟ, ಸಂವಿಧಾನದ 14ನೇ ವಿಧಿಗೆ ವಿರುದ್ಧವಾದ ತಾರತಮ್ಯ ಎಂದರು. ಯೋಚಿಸಿದರೆ ಹೌದಲ್ಲವೇ? ಶುಗರ್, ಬಿಪಿ, ಹಾರ್ಟ್ ಅಟ್ಯಾಕು, ಕೆಲವು ಕ್ಯಾನ್ಸರು, ಯಾವುದರಲ್ಲಿ ಅಪ್ಪ ಅಮ್ಮನ ಪಾಲಿಲ್ಲ ಹೇಳಿ. ಆ ಸಾಲನ್ನು ಹಿಗ್ಗಿಸುತ್ತಾ ಹೋದರೆ ಆರೋಗ್ಯ ವಿಮೆಯಲ್ಲಿ ಉಳಿಯುವುದು ಬೈಕಿಂದ ಬಿದ್ದದ್ದು ಮತ್ತು ಡೆಂಗ್ಯೂ ಮಾತ್ರ. ಮುಂದಿನ ತಿಂಗಳೇ ವಿಮಾ ನಿಯಂತ್ರಕ ಐಆರ್‌ಡಿಎಐ, ಆನುವಂಶಿಕ ಅನ್ನುವ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬೇಡಿ ಎಂದು ಕಂಪನಿಗಳಿಗೆ ಸುತ್ತೋಲೆ ಕಳಿಸಿತು. 2019ರಲ್ಲಿ, ಆರೋಗ್ಯ ವಿಮೆಯಿಂದ ಹೊರಗಿಡಬಾರದ ಕಾಯಿಲೆಗಳ ಪಟ್ಟಿಗೇ ಇದನ್ನು ಸೇರಿಸಿತು.

ಒಳ್ಳೆಯದೇ ಆಯಿತು. ಆದರೆ ಇವೆಲ್ಲ ಬಂದ ಕಾಯಿಲೆಯ ಮಾತು, ಆಸ್ಪತ್ರೆ ಬಿಲ್ಲಿನ ಮಾತು. ನನ್ನ ಗೆಳತಿಗೆ ಕಾಯಿಲೆಯೇ ಇಲ್ಲ. ಇರುವುದು ಒಂದು ಸಂಭವ. ಆ ಸಂಭವವನ್ನು ಮುಂದಿಟ್ಟುಕೊಂಡು ಪಾಲಿಸಿ ಕೊಡುವ ಮೊದಲೇ ಪ್ರೀಮಿಯಂ ಏರಿಸಬಹುದೇ, ಪಾಲಿಸಿಯನ್ನೇ ನಿರಾಕರಿಸಬಹುದೇ, ಅದರಲ್ಲೂ ಜೀವ ವಿಮೆಯಲ್ಲಿ? ಅಮೆರಿಕದ ಜಿನಾ ಕಾಯ್ದೆಯಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ. ಅಸಲಿಗೆ 2008ರ ಆ ಜಿನಾ ಕೂಡ ಆರೋಗ್ಯ ವಿಮೆ, ಉದ್ಯೋಗ ಎರಡಕ್ಕೇ ನಿಲ್ಲುತ್ತದೆ. ಜೀವ ವಿಮೆಯನ್ನು ಮುಟ್ಟುವುದಿಲ್ಲ.

ಇಲ್ಲಿ ನಮ್ಮಂಥವರ ಬಾಯಿಗೆ ತಟ್ಟನೆ ಬರುವ ಉತ್ತರ: ನನ್ನ ಡಿಎನ್‌ಎ, ನನ್ನ ಖಾಸಗಿ ವಿಷಯ, ಯಾರೂ ಕೇಳಬಾರದು. ಟ್ವೀಟ್ ಮಾಡಲು ಚೆನ್ನಾಗಿದೆ. ಆದರೆ ವಿಮೆ ಅನ್ನುವುದು ಹಳೇ ಕಾಲದ ಚೀಟಿ ವ್ಯವಹಾರದ ಹಾಗೆ, ಎಲ್ಲರ ದುಡ್ಡೂ ಒಂದೇ ಡಬ್ಬಿಯಲ್ಲಿರುತ್ತದೆ. ಹಾಗಾಗಿ ಕಂಪನಿಯವರ ವಾದವನ್ನೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ನಾನು ಹಾಕಿದೆ. ಅಂಕಿಗಳು ನನ್ನ ಕಲ್ಪನೆಯವು, ಸುಲಭವಾಗಲಿ ಅಂತ ಆರಿಸಿಕೊಂಡವು.

ಸಾವಿರ ಜನ ಒಂದೊಂದು ಕೋಟಿಯ ಟರ್ಮ್ ಪಾಲಿಸಿ ಕೊಂಡಿದ್ದಾರೆ ಅಂದುಕೊಳ್ಳಿ. ವರ್ಷಕ್ಕೆ ಸಾವಿರಕ್ಕೆ ಒಬ್ಬರು ಸಾಯುತ್ತಾರೆ. ಹಾಗಾದರೆ ವರ್ಷಕ್ಕೆ ಒಂದು ಕೋಟಿ ಬೇಕು, ತಲೆಗೆ ಹತ್ತು ಸಾವಿರ. ಈಗ ಈ ಸಾವಿರದಲ್ಲಿ ಹತ್ತು ಜನರಿಗೆ ಜೀನ್ ಟೆಸ್ಟಿನಿಂದ ತಮ್ಮ ಅಪಾಯ ಐದು ಪಟ್ಟು ಅಂತ ಗೊತ್ತಿದೆ, ಕಂಪನಿಗೆ ಹೇಳಿಲ್ಲ. ಅವರ ಕಡೆಯಿಂದ ನಿರೀಕ್ಷಿತ ಖರ್ಚು ಐದು ಲಕ್ಷ, ಅವರು ಕಟ್ಟಿದ್ದು ಒಂದು ಲಕ್ಷ. ನಾಲ್ಕು ಲಕ್ಷ ಕೊರತೆ. ಸಾವಿರ ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ ನಾನೂರು ರೂಪಾಯಿ. ಎರಡು ಪಿಜ್ಜಾಕ್ಕೂ ಸಾಲದ ದುಡ್ಡು. ಹತ್ತು ಕುಟುಂಬ ಬೀದಿಗೆ ಬೀಳದಿರಲು ನಾನೂರು ರೂಪಾಯಿ ಕೊಡಲ್ಲ ಅನ್ನುವವರು ನಮ್ಮಲ್ಲಿ ಹೆಚ್ಚಿಲ್ಲ ಅಂದುಕೊಂಡಿದ್ದೇನೆ.

ಆದರೆ ಅದೇ ಹತ್ತು ಜನ ಗೊತ್ತಿದೆಯಲ್ಲ ಅಂತ ಮೂರು ಮೂರು ಕೋಟಿ ಕೊಂಡರೆ? ನಿರೀಕ್ಷಿತ ಖರ್ಚು ಹದಿನೈದು ಲಕ್ಷ, ಅವರು ಕಟ್ಟುವುದು ಮೂರು ಲಕ್ಷ, ಕೊರತೆ ಹನ್ನೆರಡು. ತಲೆಗೆ ಸಾವಿರದ ಇನ್ನೂರು. ಪ್ರೀಮಿಯಂ ಏರಿತು ಅಂತ ಆರೋಗ್ಯವಂತರು ಒಬ್ಬೊಬ್ಬರೇ ಹೊರಟರೆ ಉಳಿದವರ ಪಾಲು ಮತ್ತೂ ಏರುತ್ತದೆ. ಕಂಪನಿಯವರು ಹೆದರುವುದು ಇದಕ್ಕೆ, ಈ ಭಯ ಸುಳ್ಳಲ್ಲ. ಅಂದರೆ ಡಬ್ಬಿಗೆ ನಿಜವಾದ ಅಪಾಯ ಬರುವುದು ಜನ ಗುಟ್ಟು ಇಟ್ಟುಕೊಳ್ಳುವುದರಿಂದಲ್ಲ, ಗುಟ್ಟು ಇಟ್ಟುಕೊಂಡು ದೊಡ್ಡ ಮೊತ್ತ ಕೊಳ್ಳುವುದರಿಂದ.

ಬ್ರಿಟನ್ನಿನವರು ಇದನ್ನು ಅರ್ಥ ಮಾಡಿಕೊಂಡಿದ್ದಾರೆ. ಅಲ್ಲಿ ಸರ್ಕಾರ ಮತ್ತು ವಿಮಾ ಕಂಪನಿಗಳು ಸೇರಿ 2018ರಲ್ಲಿ ಮಾಡಿಕೊಂಡ ಸಂಹಿತೆಯ ಪ್ರಕಾರ ಮುಂದೆ ಬರಬಹುದಾದ ಕಾಯಿಲೆಯ ಜೀನ್ ಟೆಸ್ಟ್ ಮಾಡಿಸಿ ಅಂತ ಯಾರನ್ನೂ ಒತ್ತಾಯಿಸುವಂತಿಲ್ಲ. ಮಾಡಿಸಿದ್ದರ ಫಲಿತಾಂಶ ಕೇಳಬಹುದಾದದ್ದು ಒಂದೇ ಸಂದರ್ಭದಲ್ಲಿ: ಐದು ಲಕ್ಷ ಪೌಂಡಿಗಿಂತ ದೊಡ್ಡ ಜೀವ ವಿಮೆ, ಅದೂ ಹಂಟಿಂಗ್‌ಟನ್ ಕಾಯಿಲೆಗೆ ಮಾತ್ರ. ಆ ಜೀನ್ ಪೂರ್ತಿ ಕೆಟ್ಟಿದ್ದರೆ, ಬೇರೇನೂ ಕೊಲ್ಲದಿದ್ದರೆ, ಕಾಯಿಲೆ ಬಂದೇ ಬರುತ್ತದೆ ಅನ್ನುವಷ್ಟು ಖಚಿತ. ಅದಕ್ಕೇ ಅದೊಂದೇ ಪಟ್ಟಿಯಲ್ಲಿದೆ. ಇನ್ನೊಂದು ಸೊಗಸು, ನಿಮಗೆ ಅನುಕೂಲವಾದ ಫಲಿತಾಂಶ ಇದ್ದರೆ ನೀವಾಗಿಯೇ ತೋರಿಸಬಹುದು. ಅಣ್ಣನ ಕಾಯಿಲೆಯ ಕಾರಣಕ್ಕೆ ಪ್ರೀಮಿಯಂ ಏರಿಸಲು ಹೊರಟವರ ಮುಂದೆ, ನೋಡಿ ಸ್ವಾಮಿ, ನನ್ನಲ್ಲಿ ಅದು ಇಲ್ಲ ಅನ್ನಬಹುದು.

ಕೆನಡಾ ಇನ್ನೂ ಮುಂದೆ ಹೋಗಿ 2017ರಲ್ಲಿ ಯಾವ ಕರಾರಿಗೂ ಜೀನ್ ಟೆಸ್ಟ್ ಕೇಳುವುದು ಅಪರಾಧ ಎಂದಿತು. ನನಗೆ ಬ್ರಿಟನ್ನಿನ ದಾರಿ ಹೆಚ್ಚು ಹಿಡಿಸುತ್ತದೆ. ನಮ್ಮಲ್ಲೂ ಒಂದು ಮೊತ್ತ ನಿಗದಿಯಾಗಲಿ, ಮಧ್ಯಮವರ್ಗದ ಮನೆ ಸಾಲ ಮತ್ತು ಮಕ್ಕಳ ಓದು ಮುಗಿಯುವಷ್ಟು. ಅಷ್ಟರವರೆಗೆ ಕೇಳಬೇಡಿ. ಅದಕ್ಕಿಂತ ಮೇಲೆ, ನಿಜವಾಗಿ ಖಚಿತವಾದ ಒಂದೆರಡು ಕಾಯಿಲೆಗಳಿಗೆ ಮಾತ್ರ ಕೇಳಿ. ಎಕೋ ಕೇಳಿ, ಇಸಿಜಿ ಕೇಳಿ, ಸಿಗರೇಟು ಕೇಳಿ. ಅವು ಇವತ್ತಿನ ದೇಹದ ಸ್ಥಿತಿ.

ಖಚಿತ ಅನ್ನುವ ಮಾತಿಗೆ ಯಾಕೆ ಇಷ್ಟು ಅಂಟಿಕೊಂಡಿದ್ದೇನೆ ಅಂದರೆ, ಜೀನ್ ರಿಪೋರ್ಟನ್ನು ರಕ್ತದ ಗುಂಪಿನ ಚೀಟಿಯ ಹಾಗೆ ಓದುವವರು ಬಹಳ. ಒಂದು ಉದಾಹರಣೆ ನಮ್ಮದೇ ಹೃದಯದ್ದು. ಹೃದಯ ಸ್ನಾಯುವಿನ ಒಂದು ಪ್ರೋಟೀನಿಗೆ ಎಂವೈಬಿಪಿಸಿ3 ಅನ್ನುವ ಜೀನ್ ಇದೆ. 2009ರಲ್ಲಿ ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿದ್ದ ತಂಡವೊಂದು ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ, ಈ ಜೀನಿನಿಂದ ಇಪ್ಪತ್ತೈದು ಅಕ್ಷರಗಳ ತುಂಡು ಕಳೆದುಹೋಗಿರುವುದು ಭಾರತ ಉಪಖಂಡದ ಸುಮಾರು ಶೇಕಡಾ 4 ಜನರಲ್ಲಿದೆ, ಅದಕ್ಕೂ ಹೃದಯ ಸೋಲುವುದಕ್ಕೂ ಗಟ್ಟಿ ನಂಟಿದೆ ಎಂದು ಬರೆಯಿತು. ಶೇಕಡಾ 4 ಅಂದರೆ ಇಪ್ಪತ್ತೈದಕ್ಕೆ ಒಬ್ಬರು. ನಿಮ್ಮ ಆಫೀಸಿನ ಮಹಡಿಯಲ್ಲಿ ಇನ್ನೂರೈವತ್ತು ಜನ ಇದ್ದರೆ ಹತ್ತು ಜನ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬಿಸಿಬೇಳೆಬಾತಿಗೆ ಸಾಲು ನಿಂತವರಲ್ಲಿ ಒಬ್ಬರಾದರೂ ಇದ್ದಾರೆ. ನೀವೇ ಇರಬಹುದು, ನಾನೂ ಇರಬಹುದು.

ಆ ವರ್ಷ ನಿಮ್ಮ ರಿಪೋರ್ಟಿನಲ್ಲಿ ಅದು ಕಂಡಿದ್ದರೆ ಯಾವ ವಿಮಾ ಕಂಪನಿಯ ಡಾಕ್ಟರಾದರೂ ಕೆಂಪು ಗುರುತು ಹಾಕುತ್ತಿದ್ದರು. ಆದರೆ ಸುಮಾರು ಹತ್ತು ವರ್ಷಗಳ ನಂತರ ಬಂದ ಅಧ್ಯಯನಗಳು ಬೇರೆ ಕಥೆ ಹೇಳಿದವು: ಆ ತುಂಡು ಕಳೆದುಹೋದದ್ದೇ ಅಪರಾಧಿ ಅಲ್ಲದಿರಬಹುದು. ಅದನ್ನು ಹೊತ್ತ ಕೆಲವರಲ್ಲಿ ಮಾತ್ರ ಅದರ ಜತೆಜತೆಗೇ ಬರುವ ಇನ್ನೊಂದು ಸಣ್ಣ ಬದಲಾವಣೆ ಇರುತ್ತದೆ, ನಿಜವಾದ ತೊಂದರೆ ಅದರಿಂದ. ಉಳಿದ ಬಹುಪಾಲು ಮಂದಿಗೆ ಹೆದರುವಂಥದ್ದು ಹೆಚ್ಚೇನಿಲ್ಲ. ರಕ್ತ ಅದೇ, ರಿಪೋರ್ಟ್ ಅದೇ, ಅರ್ಥ ಬದಲಾಯಿತು. ಲ್ಯಾಬಿನವರು ಅರ್ಥ ತಿದ್ದಿ ಹೊಸ ರಿಪೋರ್ಟ್ ಕೊಡಬಹುದು, ಒಳ್ಳೆಯ ಲ್ಯಾಬಿನವರು ಕೊಡುತ್ತಾರೆ ಕೂಡ. ಆದರೆ ಕಂಪನಿಯ ಫೈಲಿನಲ್ಲಿ ಒಮ್ಮೆ ಬಿದ್ದ ಕೆಂಪು ಗುರುತನ್ನು ತಿದ್ದಲು ಯಾರು ಹೋಗುತ್ತಾರೆ?

ಉದ್ಯೋಗದ ವಿಷಯದಲ್ಲಿ ನನಗೆ ಇಂಥ ಎರಡೂ ಕಡೆಯ ಲೆಕ್ಕಾಚಾರ ಕಾಣುವುದಿಲ್ಲ. ಅಲ್ಲಿ ಉತ್ತರ ಬೇಡ ಅಂತಲೇ. ಅಮೆರಿಕದ ಬರ್ಲಿಂಗ್‌ಟನ್ ನಾರ್ದರ್ನ್ ಎಂಬ ರೈಲ್ವೆ ಕಂಪನಿ, ಮಣಿಕಟ್ಟು ನೋವಿಗೆ ಪರಿಹಾರ ಕೇಳಿದ ಕಾರ್ಮಿಕರ ರಕ್ತ ತೆಗೆದು, ಅವರಿಗೆ ತಿಳಿಸದೆಯೇ ಒಂದು ಅಪರೂಪದ ನರದೋಷದ ಜೀನಿಗಾಗಿ ಪರೀಕ್ಷಿಸಿತು. ಜೀನ್ ಸಿಕ್ಕಿದ್ದರೆ, ನೋವು ನಿನ್ನ ಹುಟ್ಟಿನದು, ಹಳಿಯ ಮೇಲಿನ ಕೆಲಸದ್ದಲ್ಲ ಅನ್ನುವುದಕ್ಕೆ ದಾರಿಯಾಗುತ್ತಿತ್ತು. 2001ರಲ್ಲಿ ಸಮಾನ ಉದ್ಯೋಗಾವಕಾಶ ಆಯೋಗ ಕೋರ್ಟಿಗೆ ಎಳೆಯಿತು. ಮರುವರ್ಷ ಮೂವತ್ತಾರು ಕಾರ್ಮಿಕರಿಗಾಗಿ 22 ಲಕ್ಷ ಡಾಲರಿಗೆ ರಾಜಿಯಾಯಿತು.

ನಮ್ಮಲ್ಲಿ ಹೀಗೆ ಕದ್ದು ರಕ್ತ ತೆಗೆಯಬೇಕಾಗಿಯೇ ಇಲ್ಲ, ನಾವೇ ಸಾಲಾಗಿ ನಿಂತು ಕೊಡುತ್ತೇವೆ. ವೆಲ್‌ನೆಸ್ ವೀಕ್ ಅಂತ ಬಲೂನು ಕಟ್ಟಿದ್ದರೆ ಸಾಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಎಂಜಲು ತುಂಬಿ ಕೊಡುವ ಡಬ್ಬಿಯನ್ನು ದೀಪಾವಳಿ ಗಿಫ್ಟಿನ ಜತೆ ಇಟ್ಟಿದ್ದರು. ಎಚ್‌ಆರ್ ಹುಡುಗಿ ಪಾಪ ಒಳ್ಳೇ ಮನಸ್ಸಿನಿಂದಲೇ ಹಂಚಿದಳು. ರಿಪೋರ್ಟ್ ಯಾರಿಗೆ ಹೋಗತ್ತೆ ಅಂತ ಕೇಳಿದ್ದಕ್ಕೆ "ನಿಮಗೇ ಸರ್, ಆಪ್‌ನಲ್ಲಿ ಬರತ್ತೆ" ಅಂದಳು. ಆಪ್ ಯಾರದ್ದು ಅಂದರೆ ಅವಳಿಗೂ ಗೊತ್ತಿರಲಿಲ್ಲ.

ಕಂಪನಿಗೆ ನಮ್ಮ ಜೀನಿನಿಂದ ಏನಾಗಬೇಕು ಅಂತ ನೀವು ಕೇಳಬಹುದು. ಗ್ರೂಪ್ ಇನ್ಶೂರೆನ್ಸ್ ನವೀಕರಣ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದವರು ಕೇಳುವುದಿಲ್ಲ. ಕಳೆದ ವರ್ಷ ಎಷ್ಟು ಪ್ರೀಮಿಯಂ ಕಟ್ಟಿದಿರಿ, ಎಷ್ಟು ಕ್ಲೇಮ್ ಆಯಿತು, ಅದನ್ನು ನೋಡಿ ಮುಂದಿನ ವರ್ಷದ ದರ. ಐದು ಸಾವಿರ ಜನರ ಕಂಪನಿಯಲ್ಲಿ ಒಂದು ದೊಡ್ಡ ಕ್ಲೇಮ್ ಕರಗಿಹೋಗುತ್ತದೆ. ನಲವತ್ತು ಜನರ ಸ್ಟಾರ್ಟಪ್ಪಿನಲ್ಲಿ ಕರಗುವುದಿಲ್ಲ. ಒಬ್ಬರ ಎದೆಗೆ ಆ ಶಾಕ್ ಯಂತ್ರ ಕೂರಿಸಿದ ಕೆಲವು ಲಕ್ಷದ ಬಿಲ್ಲು ಮುಂದಿನ ವರ್ಷದ ದರದಲ್ಲಿ ಎದ್ದು ಕಾಣುತ್ತದೆ. ಬ್ರೋಕರ್ ಕಳಿಸುವ ಕ್ಲೇಮ್ ಪಟ್ಟಿಯಲ್ಲಿ ಉದ್ಯೋಗಿಯ ಹೆಸರು, ಕಾಯಿಲೆ, ಮೊತ್ತ ಮೂರೂ ಒಂದೇ ಸಾಲಿನಲ್ಲಿದ್ದದ್ದನ್ನು ನಾನೇ ನೋಡಿದ್ದೇನೆ, ನೋಡಬಾರದಿತ್ತು. ಇಂಥ ಹಿತಾಸಕ್ತಿ ಇರುವವರ ಕೈಗೆ, ಯಾರಿಗೆ ಮುಂದೆ ಯಂತ್ರ ಬೇಕಾಗಬಹುದು ಅನ್ನುವ ಪಟ್ಟಿಯನ್ನೂ ಕೊಡಬೇಕೇ? ಸಂದರ್ಶನದಲ್ಲಿ ಯಾರೂ ಜೀನ್ ಅನ್ನುವ ಪದ ಎತ್ತುವುದಿಲ್ಲ ಬಿಡಿ. 'ಕಲ್ಚರ್ ಫಿಟ್ ಆಗಲಿಲ್ಲ' ಅಂತ ಮೇಲ್ ಬರುತ್ತದೆ. ಯಾಕೆ ಅಂತ ಸಾಬೀತು ಮಾಡಲಾಗದ ಕಾರಣಕ್ಕೇ, ಮಾಹಿತಿ ಕೈಗೆ ಹೋಗುವ ಮೊದಲೇ ತಡೆಯಬೇಕು.

ತಡೆಯಲು ನಮಗೆ ಹೊಸ ಕಾಯ್ದೆ ಬಂದಿದೆಯಲ್ಲ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ಹಳೆಯ ಕರಡುಗಳಲ್ಲಿ ಜೀನ್ ಮಾಹಿತಿಯನ್ನು ಸೂಕ್ಷ್ಮ ಮಾಹಿತಿ ಅಂತ ಹೆಸರಿಸಿ ಹೆಚ್ಚಿನ ಕಾವಲು ಇಟ್ಟಿದ್ದರು. ಕೊನೆಗೆ ಪಾಸಾದ ಕಾಯ್ದೆಯಲ್ಲಿ ಸೂಕ್ಷ್ಮ ಅನ್ನುವ ಆ ವರ್ಗವೇ ಇಲ್ಲ. ನಿಮ್ಮ ಡಿಎನ್‌ಎಗೂ ಊಟ ತರಿಸುವ ಆಪ್‌ನಲ್ಲಿ ಕೊಟ್ಟ ವಿಳಾಸಕ್ಕೂ ಅದರಲ್ಲಿ ಒಂದೇ ಬೆಲೆ. ಸಾಲದ್ದಕ್ಕೆ, ಉದ್ಯೋಗದ ಉದ್ದೇಶಗಳಿಗೆ, ಮಾಲೀಕರನ್ನು ನಷ್ಟದಿಂದ ಕಾಪಾಡುವುದಕ್ಕೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಬಹುದು ಎಂಬ ಕಲಂ ಇದೆ. ಕಾರ್ಪೊರೇಟ್ ಗೂಢಚಾರಿಕೆ ತಡೆಯಲಿ ಅಂತ ಬರೆದದ್ದಿರಬಹುದು. ನಷ್ಟ ಅನ್ನುವ ಪದವನ್ನು ಒಬ್ಬ ಚುರುಕು ವಕೀಲರು ಎಲ್ಲಿಯವರೆಗೆ ಎಳೆಯಬಹುದು ಅಂತ ಯೋಚಿಸಿ.

ಮತ್ತೆ ಗೆಳತಿಯ ಫಾರ್ಮಿಗೆ ಬರುತ್ತೇನೆ. "ಡಾಕ್ಟರಮ್ಮ ಬಾಯಲ್ಲಿ ಹೇಳಿದ್ದು, ಚೀಟಿ ಮೇಲೇನೂ ಬರೆದಿಲ್ಲ. ಇಲ್ಲ ಅಂತ ಟಿಕ್ ಮಾಡಿದ್ರೆ ಯಾರಿಗ್ ಗೊತ್ತಾಗತ್ತೆ?" ಅಂದಳು. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಪಾಲಿಸಿಯ ಮೊದಲ ಮೂರು ವರ್ಷ ಕಂಪನಿ ಮುಚ್ಚಿಟ್ಟ ವಿಷಯ ಹಿಡಿದು ಕ್ಲೇಮ್ ನಿರಾಕರಿಸಬಹುದು, ಆಮೇಲೆ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ ಅಂದೆ. "ಅಂದ್ರೆ ಸುಳ್ಳು ಹೇಳಿ ಮೂರು ವರ್ಷ ಸಾಯ್ದೇ ಇದ್ರೆ ಸಾಕಾ?" ಅಂತ ನಕ್ಕಳು. ನಾನೂ ನಕ್ಕೆ. ಕಾನೂನಿನ ಸಾರಾಂಶವನ್ನು ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಅವಳು ಹೌದು ಅಂತಲೇ ಟಿಕ್ ಮಾಡಿದಳು. ಅಣ್ಣನ ಕಾಯಿಲೆ ಬರೆದಳು, ನಾರ್ಮಲ್ ಬಂದ ಎಕೋ ಲಗತ್ತಿಸಿದಳು, ಜೀನ್ ಟೆಸ್ಟಿಗೆ ಸಲಹೆ ಇದೆ, ಮಾಡಿಸಿಲ್ಲ ಅಂತಲೂ ಬರೆದಳು. ಹನ್ನೆರಡು ದಿನಕ್ಕೆ ಉತ್ತರ ಬಂತು. ತಿರಸ್ಕರಿಸಿಲ್ಲ, ಜೀನ್ ಟೆಸ್ಟಿನ ರಿಪೋರ್ಟ್ ಸಲ್ಲಿಸುವ ತನಕ ಅರ್ಜಿಯನ್ನು ಮುಂದೂಡಲಾಗಿದೆ. ಇನ್ನೊಂದು ಕಂಪನಿಗೆ ಹಾಕೋಣ ಅಂದರೆ ಅಲ್ಲಿನ ಫಾರ್ಮಿನಲ್ಲಿ, ನಿಮ್ಮ ಅರ್ಜಿಯನ್ನು ಈ ಹಿಂದೆ ಯಾರಾದರೂ ನಿರಾಕರಿಸಿದ್ದಾರೆಯೇ ಅಥವಾ ಮುಂದೂಡಿದ್ದಾರೆಯೇ ಅನ್ನುವ ಪ್ರಶ್ನೆ ಇದೆ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ರಕ್ತ ಕೊಡಲು ಹೋಗುತ್ತಿದ್ದಾಳೆ. ರಿಪೋರ್ಟ್ ಬರಲು ನಾಲ್ಕು ವಾರ ಅಂತೆ. ಬ್ಯಾಂಕಿನವರು ಪಾಲಿಸಿಯ ಕಾಪಿಯನ್ನು ಮೂರು ವಾರದೊಳಗೆ ಕೇಳಿದ್ದಾರೆ.